ಹೆಸರು ಬದಲಿಸಿದರೆ ಧಾಟಿ ಬದಲಾಗದು

“ಮಗಳ 6, 14 ಮತ್ತು 25ನೇ ಹುಟ್ಟುಹಬ್ಬಕ್ಕೆ ಅಮ್ಮ ಬರೆಯುವ ಮೂರು ಶುಭಾಶಯ ಕಳಿಸಿದ್ದೇನೆ. ಧಾಟಿ ವಯಸ್ಸಿಗೆ ಹೊಂದಿದೆಯೇ? ಪುರವಣಿಗೆ ಆಗುತ್ತದೆಯೇ, ದಯವಿಟ್ಟು ತಿಳಿಸಿ.”

ಮೇಡಂ, ಈಗಿರುವ ಹಾಗೆ ಆಗುವುದಿಲ್ಲ. ಮೂರೂ ‘ನಮ್ಮ ಬಾಳಿನ ಬೆಳಕೇ’ ಎಂದು ಶುರುವಾಗಿ ‘ಉಜ್ವಲ ಭವಿಷ್ಯ’ದಲ್ಲಿ ಮುಗಿಯುತ್ತವೆ. ‘ಪುಟ್ಟಿ’ ಹೋಗಿ ‘ಮಗಳೇ’ ಬಂದಿದೆ, ಅಷ್ಟೇ.

ಆರು ವರ್ಷದವಳು ಒಂದನೇ ಕ್ಲಾಸಿನಲ್ಲಿರುತ್ತಾಳೆ. ಕಾಗುಣಿತ ಕಲಿತು, ಒತ್ತಕ್ಷರದ ಹತ್ತಿರ ಬಂದಿರುತ್ತಾಳೆ. ಅವಳ ಕೈಗೆ ನೀವು ಕೊಟ್ಟಿರುವುದು ‘ಹಾರ್ದಿಕ ಶುಭಾಶಯಗಳು’. ಆ ಅರ್ಕಾವತ್ತಿನಲ್ಲೇ ಅವಳು ನಿಂತುಬಿಡುತ್ತಾಳೆ, ಪಕ್ಕದಲ್ಲಿ ಯಾರೋ ದೊಡ್ಡವರು ಓದಿ ಹೇಳಬೇಕಾಗುತ್ತದೆ. ಬದಲಿಗೆ ಹೀಗೆ ಬರೆದು ನೋಡಿ: ‘ಪುಟಾಣಿ, ಈಗ ನಿನಗೆ ಆರು. ಸೈಕಲು ರೆಡಿ. ಬಾ, ಓಡಿಸು. ಇಂತಿ, ಅಮ್ಮ.’ ಇದರಲ್ಲಿರುವ ಒಂದೇ ಒತ್ತು ‘ಅಮ್ಮ’ದ್ದು, ಅದು ಅವಳಿಗೆ ಗೊತ್ತು. ತನಗೆ ಬಂದ ಕಾಗದವನ್ನು ತಾನೇ ಓದಿಕೊಂಡು ಸೈಕಲ್ಲಿನ ಹತ್ತಿರ ಓಡುತ್ತಾಳೆ.

ನೀವು ನಿಜವಾಗಿ ಎಡವಿರುವುದು ಹದಿನಾಲ್ಕರಲ್ಲಿ. ‘ಮೊಬೈಲು ಕಡಿಮೆ ಮಾಡಬೇಕು’, ‘ಮುಂದಿನ ವರ್ಷ ಎಸ್ಸೆಸ್ಸೆಲ್ಸಿ, ಗಮನ ಇಡಬೇಕು’, ‘ಮನೆತನಕ್ಕೆ ಹೆಸರು ತರಬೇಕು’. ವಾಕ್ಯದ ಕೊನೆಯಲ್ಲೆಲ್ಲ ‘ಬೇಕು’ ಕೂತಿರುವುದರಿಂದ ಪೇರೆಂಟ್ಸ್ ಮೀಟಿಂಗಿನ ವರದಿ ಓದಿದಂತಾಗುತ್ತದೆ. ಸಾಲದ್ದಕ್ಕೆ ‘ನನ್ನ ಚಿನ್ನು ಬಂಗಾರಿ’ ಎಂದು ಇದನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವ ಅಮ್ಮ! ಆ ಹೆಸರು ಮನೆಯೊಳಗೆ ಕರೆದರೆ ಆ ಹುಡುಗಿ ಓಗೊಟ್ಟಾಳು, ದೊಡ್ಡಪ್ಪನ ಮಕ್ಕಳ ಎದುರು ನೆಲಕ್ಕಿಳಿದು ಹೋಗುತ್ತಾಳೆ. ಗ್ರೂಪಿಗೆ ಬರೀ ‘ಹ್ಯಾಪಿ ಬರ್ತ್‌ಡೇ’ ಸಾಕು. ಉಳಿದದ್ದನ್ನು ಅವಳೊಬ್ಬಳಿಗೇ ಬರೆಯಲಿ, ಅದೂ ತಾನು ಕಣ್ಣಾರೆ ಕಂಡ ಒಂದು ಸಂಗತಿಯನ್ನು:

‘ಅಜ್ಜಿಯ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡುವುದನ್ನು ಮೊನ್ನೆ ನೀನು ಮೂರು ಸಲ ಹೇಳಿಕೊಟ್ಟೆ, ಒಮ್ಮೆಯೂ ರೇಗಲಿಲ್ಲ. ನನಗೆ ಅಷ್ಟು ತಾಳ್ಮೆ ಇಲ್ಲ ಕಣೇ.’

ಇಲ್ಲಿಗೆ ಪೆನ್ನು ಕೆಳಗಿಡಿ. ಇದರ ಹಿಂದೆಯೇ ‘ಯಾವಾಗಲೂ ಹೀಗೇ ಇರು’ ಎಂದು ಸೇರಿಸಲು ಕೈ ತುರಿಸುತ್ತದೆ. ಸೇರಿಸಿದರೆ ಹೊಗಳಿಕೆ ಹೋಗಿ ಮತ್ತೆ ಪಾಠವಾಗುತ್ತದೆ, ಆ ವಯಸ್ಸಿನವರು ಅದನ್ನು ಥಟ್ಟನೆ ಹಿಡಿಯುತ್ತಾರೆ.

ಇಪ್ಪತ್ತೈದರದ್ದರಲ್ಲಿ ‘ಮುಂದಿನ ಹುಟ್ಟುಹಬ್ಬಕ್ಕೆ ಅಳಿಯನೂ ಜೊತೆಗಿರಲಿ’ ಎಂಬುದನ್ನು ಹೊಡೆದುಹಾಕಿದ್ದೇನೆ. ಆ ಪ್ರಶ್ನೆ ಕೇಳಲು ನೆಂಟರಿಷ್ಟರು ಧಾರಾಳವಾಗಿದ್ದಾರೆ. ಆದರೆ ನಿಮ್ಮ ಮೂರೂ ಬರಹದಲ್ಲಿ ನನಗೆ ಹಿಡಿಸಿದ ಏಕೈಕ ಸಾಲು ಇದರ ನಡುವೆಯೇ ಹೂತುಹೋಗಿದೆ: ‘ಪಾತ್ರೆ ಅಂಗಡಿಯಲ್ಲಿ ನಿನಗೆಂದು ಸಣ್ಣ ಕುಕ್ಕರ್ ಎತ್ತಿಕೊಂಡೆ, ಪುಣೆಯಲ್ಲಿ ನೀನೇ ಕೊಂಡಿದ್ದೀಯಲ್ಲ ಅಂತ ನೆನಪಾಗಿ ಇಟ್ಟುಬಂದೆ.’ ಮಗಳು ತನ್ನ ಮನೆಯನ್ನು ತಾನೇ ತೂಗಿಸುತ್ತಿದ್ದಾಳೆ ಎಂದು ಅಮ್ಮ ಒಪ್ಪಿಕೊಂಡದ್ದು ಇದರಲ್ಲೇ ಬಂದುಬಿಟ್ಟಿದೆ. ಇದರಿಂದಲೇ ಶುರು ಮಾಡಿ, ಮುಂದಿನ ಆಶೀರ್ವಾದಗಳಲ್ಲಿ ಒಂದನ್ನು ಉಳಿಸಿ ಮಿಕ್ಕವನ್ನು ತೆಗೆಯಿರಿ.

ತಿದ್ದಿ ಕಳಿಸಿ. ಮೂರೂ ಸೇರಿ ಅರ್ಧ ಪುಟ ದಾಟದಿರಲಿ.

— ಸಂ.