‘ಪಿಎಫ್ ನುಂಗಿದರು’ ಅಂತ ಬರೆಯುವ ಮೊದಲು

ಕೆಲಸ ಬಿಟ್ಟು ಬಂದವರು ಆ ಸಿಟ್ಟಿನಲ್ಲೇ ಕಂಪನಿಯ ಬಗ್ಗೆ ರಿವ್ಯೂ ಬರೆದು, ಆಮೇಲೆ ಹೆದರಿ ನನ್ನ ಹತ್ತಿರ ಬರುವುದು ಈಚೆಗೆ ಜಾಸ್ತಿಯಾಗಿದೆ. ಈಚೆಗೆ ಬಂದ ಒಬ್ಬಾಕೆ ರಿವ್ಯೂ ಬರೆದಿದ್ದರು, ಆದರೆ ಇನ್ನೂ ಹಾಕಿರಲಿಲ್ಲ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಬೆಂಗಳೂರಿನ ಸಣ್ಣ ಕಂಪನಿ. ಎರಡು ವರ್ಷ ದುಡಿದು, ನಿದ್ದೆ ಕೆಟ್ಟು, ಬಿಟ್ಟು ಬಂದಿದ್ದರು. ಮೂರನೇ ಭೇಟಿಯಲ್ಲಿ ಮೊಬೈಲ್ ನನ್ನ ಮುಂದೆ ಇಟ್ಟರು. “ಕಳ್ಳರ ಕಂಪನಿ. ನಮ್ಮ ಪಿಎಫ್ ನುಂಗಿದ್ದಾರೆ. ಮ್ಯಾನೇಜರ್ ಹುಚ್ಚ.” ಕೆಳಗೆ ಅವನ ಹೆಸರು.

“ಪಿಎಫ್ ನುಂಗಿದ್ದು ನೀವೇ ನೋಡಿದ್ರಾ?” ಅಂತ ಕೇಳಿದೆ.

ಮುಖ ಕೆಂಪಾಯಿತು. “ನೀವೂ ಅವರ ಪರಾನಾ ಮೇಡಂ?”

ಪಾಸ್‌ಬುಕ್ ತೆಗೆಯಿರಿ ಅಂದೆ. ಅಲ್ಲೇ ಕೂತು ಇಪಿಎಫ್‌ಒ ಸೈಟಿಗೆ ಲಾಗಿನ್ ಆದರು. ದುಡ್ಡು ಇತ್ತು. ಆದರೆ ಜುಲೈ, ಆಗಸ್ಟ್ ಎರಡೂ ತಿಂಗಳದ್ದು ಬಂದಿದ್ದು ಅಕ್ಟೋಬರಿನಲ್ಲಿ. ಒಂದು ತಿಂಗಳ ಪಿಎಫ್ ಅನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಅಂದರೆ ತಪ್ಪಾಗಿದ್ದು ನಿಜ, ಕಳ್ಳತನ ಅಲ್ಲ. ಅವರು ಸ್ವಲ್ಪ ಹೊತ್ತು ಸುಮ್ನೆ ಕೂತರು.

ಆ ಸಾಲು ಹೀಗಾಯಿತು: “ಜುಲೈ, ಆಗಸ್ಟ್ ತಿಂಗಳ ಪಿಎಫ್ ನನ್ನ ಖಾತೆಗೆ ಅಕ್ಟೋಬರಿನಲ್ಲಿ ಬಂತು.” ಬೈಗುಳಕ್ಕಿಂತ ಇದು ಗಟ್ಟಿ, ಅಲ್ವಾ? ಪಾಸ್‌ಬುಕ್ಕಿನ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ ಅಂದೆ.

ಮ್ಯಾನೇಜರ್ ಹೆಸರು ತೆಗೆದರೆ ಸಾಕಾ ಅಂದರು. ಸಾಲದು. ನಾಲ್ಕು ಜನರ ಟೀಮಿನಲ್ಲಿ ಹುದ್ದೆ ಹೇಳಿದರೂ ಯಾರು ಅಂತ ಗೊತ್ತಾಗುತ್ತದೆ. ಹಾಗಾಗಿ ‘ಹುಚ್ಚ’ ಹೋಗಿ “ರಾತ್ರಿ ಹನ್ನೊಂದರ ನಂತರವೂ ಕೆಲಸದ ಮೆಸೇಜ್ ಬರುತ್ತಿತ್ತು” ಅಂತ ಬಂತು. ಆ ಮೆಸೇಜುಗಳು ಅವರ ಫೋನಿನಲ್ಲಿ ಇನ್ನೂ ಇವೆ.

ನಾನು ವಕೀಲೆ ಅಲ್ಲ. ಆದರೆ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಪ್ರಕಾರ ಮಾನಹಾನಿಗೆ ಎರಡು ವರ್ಷದವರೆಗೆ ಜೈಲು ಆಗಬಹುದು, ಕಂಪನಿಯೂ ದೂರು ಕೊಡಬಹುದು. ಕ್ರಿಮಿನಲ್ ಕೇಸಿನಲ್ಲಿ ‘ನಿಜ ಹೇಳಿದೆ’ ಅಂದರಷ್ಟೇ ಸಾಲದು, ಜನರ ಒಳಿತಿಗೆ ಹೇಳಿದೆ ಅಂತಲೂ ತೋರಿಸಬೇಕು. ಹೆಸರು ಹಾಕದೆ ಬರೆದರೂ ಕೋರ್ಟ್ ಕೇಳಿದರೆ ಸೈಟಿನವರು ವಿವರ ಕೊಡಬೇಕಾಗುತ್ತದೆ. ಕೆಲಸ ಬಿಡುವಾಗ ಸಹಿ ಹಾಕಿದ ಕಾಗದದಲ್ಲಿ ‘ಕಂಪನಿ ಬಗ್ಗೆ ಕೆಟ್ಟದಾಗಿ ಮಾತಾಡುವುದಿಲ್ಲ’ ಅನ್ನುವ ಷರತ್ತು ಇದ್ದರೆ ಮೊದಲು ವಕೀಲರಿಗೆ ತೋರಿಸಿ ಅಂತಲೂ ಹೇಳಿದೆ. ಇವರ ಕಾಗದದಲ್ಲಿ ಇರಲಿಲ್ಲ.

ನೊಂದವರ ಬಾಯಿ ಮುಚ್ಚಿಸುತ್ತೀರಿ ಅಂತ ಗೆಳತಿಯೊಬ್ಬಳು ನನ್ನನ್ನು ಬೈದಳು. ಇರಬಹುದು. ಆದರೆ ನೋಟಿಸ್ ಬಂದಾಗ ನಿದ್ದೆ ಕೆಡುವುದು ಇವರದೇ.

ಹಾಕುವ ಮೊದಲು ಇವರು ಕೇಳಿದ್ದು ಒಂದೇ: “ಒಂದೇ ಸ್ಟಾರ್ ಕೊಡ್ಲಾ ಮೇಡಂ?”

“ಅದು ನಿಮ್ಮ ಅಭಿಪ್ರಾಯ. ಕೊಡಿ” ಅಂದೆ.