ಸರ್ಕ್ಯುಲರ್ ಕಮಿಟಿಗೆ, ನೋಟಿಸ್ ಮನೆಯವರಿಗೆ

ಪ್ರಶ್ನೆ: ನಾನು ಅಪಾರ್ಟ್‌ಮೆಂಟ್ ಅಸೋಸಿಯೇಷನ್ ಕಾರ್ಯದರ್ಶಿ. ಲಿಫ್ಟ್ ಕಂಪನಿಯವರು ಮೇಂಟೆನೆನ್ಸ್ ಬಗ್ಗೆ ಇಂಗ್ಲಿಷ್ ಸರ್ಕ್ಯುಲರ್ ಕೊಟ್ಟಿದ್ದಾರೆ. ಅದರ ಫೋಟೋ ತೆಗೆದು, ಆ್ಯಪ್‌ನಲ್ಲಿ ಅಕ್ಷರ ಎತ್ತಿ, ಸಾಲು ಸಾಲಾಗಿ ಕನ್ನಡ ಮಾಡಿಸಿ, ಎರಡನ್ನೂ ಒಂದೇ ಹಾಳೆಯಲ್ಲಿ ಹಾಕಿದರೆ ಸಾಕಲ್ವಾ?

ಸಾಲದು. ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಮೊದಲೆಲ್ಲ ಎರಡು ಸಾಲಿನಲ್ಲಿ ಉತ್ತರಿಸಿ ಮುಗಿಸುತ್ತಿದ್ದೆ. ಈಗ ಹಾಗೆ ಮಾಡುವುದಿಲ್ಲ. ನಾನೇ ನೋಡಿ ‘ಸರಿ ಇದೆ’ ಎಂದಿದ್ದ ಒಂದು ನೋಟಿಸ್‌ನಿಂದ ಒಬ್ಬ ಹಿರಿಯರಿಗೆ ತೊಂದರೆಯಾಯಿತು. ಅದನ್ನೇ ಹೇಳುತ್ತೇನೆ.

ನೆಲಮಹಡಿಯ ಮೇಲೆ ಏಳು ಮಹಡಿಯ ಕಟ್ಟಡ, ಎರಡು ಲಿಫ್ಟ್. ಒಂದನೇ ಲಿಫ್ಟಿನ ರೋಪ್ ಬದಲಿಸುವ ಕೆಲಸ. ಆಗಸ್ಟ್ 13 ಮತ್ತು 14, ಬೆಳಿಗ್ಗೆ 10ರಿಂದ ಸಂಜೆ 6. ಕಂಪನಿಯವರು ಒಂದು ಪುಟದ ಸರ್ಕ್ಯುಲರ್ ಕೊಟ್ಟರು. ಆಫೀಸಿನವರು ಅದರ ಮೇಲೆ ‘ಸ್ವೀಕರಿಸಲಾಗಿದೆ’ ಎಂಬ ಸೀಲ್ ಒತ್ತಿ ಫೋಟೋ ತೆಗೆದರು. ಆ್ಯಪ್ ಅಕ್ಷರ ಎತ್ತಿಕೊಟ್ಟಿತು. ಡಿಟಿಪಿ ಅಂಗಡಿಯಲ್ಲಿ ಕನ್ನಡ ಮಾಡಿಸಿದರು. ಟೈಪ್ ಆದ ಎರಡೂ ಭಾಗ ನನಗೆ ಬಂತು. ನಾನು ಕನ್ನಡ ತಿದ್ದಿ ಕಳುಹಿಸಿದೆ. ಫೋಟೋ ಕೇಳಲಿಲ್ಲ. ಅದು ನನ್ನ ತಪ್ಪು.

ಸೀಲ್ ಬಿದ್ದಿದ್ದು ಕೊನೆಯ ಸಾಲಿನ ಮೇಲೆ. ಸೀಲಿನ ಶಾಯಿಯೂ ಅಚ್ಚಿನ ಅಕ್ಷರವೂ ಬೆರೆತು ಹೋಗಿದ್ದರಿಂದ ಆ್ಯಪ್ ಆ ಸಾಲನ್ನೇ ಬಿಟ್ಟಿತ್ತು. ಅದರಲ್ಲಿದ್ದದ್ದು ಇಷ್ಟು: 14ರಂದು ಮಧ್ಯಾಹ್ನ 2ರಿಂದ 3ರವರೆಗೆ ಮೆಷಿನ್ ರೂಮಿನ ಕರೆಂಟ್ ತೆಗೆಯುತ್ತೇವೆ, ಎರಡೂ ಲಿಫ್ಟ್ ಓಡುವುದಿಲ್ಲ. ನೋಟಿಸ್‌ನಲ್ಲಿ ಮಾತ್ರ ಎರಡನೇ ಲಿಫ್ಟ್ ಎರಡೂ ದಿನ ಇರುತ್ತದೆ ಎಂದೇ ಇತ್ತು. ಅದನ್ನು ನಂಬಿ ಆರನೇ ಮಹಡಿಯ ಒಬ್ಬ ಅಜ್ಜಿ ಡಯಾಲಿಸಿಸ್ ಮುಗಿಸಿ 2.10ಕ್ಕೆ ಆಟೋದಿಂದ ಇಳಿದರು. ಐವತ್ತು ನಿಮಿಷ ವಾಚ್‌ಮನ್ ಕುರ್ಚಿಯಲ್ಲಿ ಕೂತಿದ್ದರು. ನಾಲ್ಕು ಗಂಟೆ ಮೆಷಿನ್ ಪಕ್ಕ ಮಲಗಿ ಬಂದವರಿಗೆ ಅದು ಸಣ್ಣ ಹೊತ್ತಲ್ಲ.

ಹಾಗಾಗಿ ಮೊದಲ ಮಾತು. ಆ್ಯಪ್ ಎತ್ತಿದ ಅಕ್ಷರವನ್ನು ಮೂಲ ಅಂದುಕೊಳ್ಳಬೇಡಿ. ಮೂಲ ಕಾಗದವೇ. ಸೀಲ್ ಒತ್ತುವ ಮುಂಚೆ ಫೋಟೋ ತೆಗೆಯಿರಿ. ಫ್ಲ್ಯಾಶ್ ಬೇಡ, ಕಿಟಕಿ ಬೆಳಕು ಸಾಕು. ಹಾಳೆಯ ನಾಲ್ಕೂ ಮೂಲೆ ಫೋಟೋದಲ್ಲಿ ಕಾಣಬೇಕು, ಇಲ್ಲದಿದ್ದರೆ ಏನು ಕತ್ತರಿಸಿ ಹೋಗಿದೆ ಅಂತ ಗೊತ್ತಾಗುವುದಿಲ್ಲ. ಹಾಳೆ ತಿರುಗಿಸಿ ಹಿಂಬದಿಯನ್ನೂ ನೋಡಿ. ಆಮೇಲೆ ಕಾಗದದಲ್ಲಿ ಎಷ್ಟು ಸಾಲಿದೆ, ಟೈಪ್ ಆಗಿದ್ದರಲ್ಲಿ ಎಷ್ಟಿದೆ ಎಂದು ಬೆರಳಿಟ್ಟು ಎಣಿಸಿ. ಅಂಕಿಗಳನ್ನು ಒಂದೊಂದಾಗಿ ಹೋಲಿಸಿ. 3 ಇದ್ದದ್ದು 8 ಆಗುವುದು, ಬಿ ಬ್ಲಾಕ್ 8 ಬ್ಲಾಕ್ ಆಗುವುದು ತೀರಾ ಸಾಮಾನ್ಯ. ತಾರೀಖಿನ ಜೊತೆ ವಾರವನ್ನೂ ಬರೆಯಿರಿ ಎಂದು ನಾನು ಹಟ ಮಾಡುವುದು ಇದಕ್ಕೇ. 13 ಹೋಗಿ 18 ಆಗಿದ್ದರೆ ವಾರ ತಾಳೆಯಾಗುವುದಿಲ್ಲ, ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಎರಡನೇ ಮಾತು ಇನ್ನೂ ಮುಖ್ಯ. ಸರ್ಕ್ಯುಲರ್ ಬರೆದವರು ಲಿಫ್ಟ್ ಕಂಪನಿಯವರು, ಓದಬೇಕಾದವರು ಕಮಿಟಿಯವರು. ಅದರ ಭಾಷೆ ಲಿಫ್ಟ್ ಕೆಲಸದವರದು. ಅದನ್ನು ಸಾಲು ಸಾಲಾಗಿ ಕನ್ನಡಕ್ಕೆ ತಂದರೆ ಮನೆಯವರಿಗೆ ಏನೂ ತಿಳಿಯುವುದಿಲ್ಲ. ಆ ಡಿಟಿಪಿ ಅಂಗಡಿಯವರು ‘ಸಸ್ಪೆನ್ಷನ್ ರೋಪ್’ ಅನ್ನು ‘ಅಮಾನತು ಹಗ್ಗ’ ಎಂದು ಮಾಡಿದ್ದರು. ಸರ್ಕಾರಿ ನೌಕರರನ್ನು ಅಮಾನತು ಮಾಡುತ್ತಾರಲ್ಲ, ಆ ಪದ. ಇಲ್ಲಿ ಅದು ಲಿಫ್ಟ್ ನೇತಾಡುವ ರೋಪ್ ಅಷ್ಟೆ. ‘ಕಾರ್ ಕೊನೆಯ ಮಹಡಿಯಲ್ಲಿ ನಿಲ್ಲಿಸಲಾಗುವುದು’ ಎಂಬ ಸಾಲೂ ಇತ್ತು. ಲಿಫ್ಟಿನವರ ಮಾತಿನಲ್ಲಿ ಕಾರ್ ಅಂದರೆ ನಾವು ನಿಂತು ಹೋಗುವ ಪೆಟ್ಟಿಗೆ. ಮನೆಯವರು ಅದನ್ನು ಪಾರ್ಕಿಂಗ್ ಸುದ್ದಿ ಅಂದುಕೊಳ್ಳುತ್ತಾರೆ. ಇವೆರಡನ್ನು ನಾನು ಹಿಡಿದೆ. ಪುಟಕ್ಕೆ ಇಷ್ಟು ಅಂತ ದುಡ್ಡು ತೆಗೆದುಕೊಂಡು, ನಿಘಂಟಿನಲ್ಲಿ ಮೊದಲು ಸಿಕ್ಕ ಅರ್ಥ ಕೂರಿಸಿ ಕೊಡುವವರ ಬಳಿ ದಯವಿಟ್ಟು ಹೋಗಬೇಡಿ. ಮದುವೆ ಪತ್ರಿಕೆಯಲ್ಲಿ ತಪ್ಪಾದರೆ ಮುಜುಗರ ಅಷ್ಟೆ. ಲಿಫ್ಟ್ ನೋಟಿಸ್‌ನಲ್ಲಿ ತಪ್ಪಾದರೆ ಯಾರಾದರೂ ತೆರೆದ ಬಾಗಿಲೊಳಗೆ ಕಾಲಿಡಬಹುದು.

ಅದಕ್ಕೇ ಅನುವಾದ ಮಾಡಬೇಡಿ. ಸರ್ಕ್ಯುಲರ್ ಓದಿ, ಮನೆಯವರಿಗೆ ಬೇಕಾದ ಸಂಗತಿ ಮಾತ್ರ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಯಾವ ಲಿಫ್ಟ್, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿಗೆ, ಬದಲಿಗೆ ಏನಿದೆ, ಏನು ಮಾಡಬಾರದು, ಕಷ್ಟ ಇರುವವರು ಯಾರಿಗೆ ಹೇಳಬೇಕು. ಆ ಚೀಟಿ ಹಿಡಿದು ಕಂಪನಿ ಸೂಪರ್‌ವೈಸರ್‌ಗೆ ಫೋನ್ ಮಾಡಿ ಓದಿ ಹೇಳಿ. ‘ಎರಡೂ ಲಿಫ್ಟ್ ಒಟ್ಟಿಗೆ ನಿಲ್ಲುವ ಹೊತ್ತು ಇದೆಯಾ?’ ಎಂದು ಬಿಡಿಸಿ ಕೇಳಿ. ನಾವು ಈ ಒಂದು ಪ್ರಶ್ನೆ ಕೇಳಿದ್ದರೆ ಆ ಅಜ್ಜಿ ಕೆಳಗೆ ಕೂರುತ್ತಿರಲಿಲ್ಲ.

ಚೀಟಿಯಿಂದ ಮೊದಲು ಕನ್ನಡ ಬರೆಯಿರಿ, ಆಮೇಲೆ ಅದೇ ಚೀಟಿಯಿಂದ ಇಂಗ್ಲಿಷ್. ಒಂದನ್ನು ನೋಡಿ ಇನ್ನೊಂದು ಬರೆಯಬೇಡಿ. ಸಂಗತಿಗಳ ಕ್ರಮ ಎರಡರಲ್ಲೂ ಒಂದೇ ಇರಲಿ. ಮುಗಿದ ಮೇಲೆ ಒಬ್ಬರು ಕನ್ನಡ ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಇಂಗ್ಲಿಷ್ ಹಾಳೆಯಲ್ಲಿ ಒಂದೊಂದೇ ಟಿಕ್ ಹಾಕಲಿ. ಟಿಕ್ ಬೀಳದ ಸಂಗತಿ ಉಳಿದರೆ ಎಲ್ಲೋ ಒಂದು ಕಡೆ ಬಿಟ್ಟುಹೋಗಿದೆ ಎಂದರ್ಥ.

ಕನ್ನಡ ಬರೆಯುವಾಗ ಮೂರು ಕಡೆ ಎಡವುತ್ತಾರೆ. ನಮ್ಮಲ್ಲಿ ಹೌದು, ಅಲ್ಲ ಎರಡೂ ವಾಕ್ಯದ ಕೊನೆಗೆ ಬರುತ್ತವೆ. ‘ಬಳಸಬಹುದು’, ‘ಬಳಸಬಾರದು’ ಇವೆರಡಕ್ಕೂ ಇರುವ ವ್ಯತ್ಯಾಸ ಒಂದೆರಡು ಅಕ್ಷರ. ಕೈಯಲ್ಲಿ ಚೀಲ ಹಿಡಿದು ನಿಂತವರು ಉದ್ದ ವಾಕ್ಯದ ಕೊನೆವರೆಗೆ ಓದುವುದಿಲ್ಲ. ಹಾಗಾಗಿ ‘ಬಂದ್’ ಎಂಬ ಪದವನ್ನು ಸಾಲಿನ ಮೊದಲಿಗೆ ತನ್ನಿ. ಇನ್ನು ‘ಗುರುವಾರದವರೆಗೆ’ ಅಂದರೆ ಗುರುವಾರ ಸೇರಿತೋ ಇಲ್ಲವೋ? ಒಬ್ಬೊಬ್ಬರು ಒಂದೊಂದು ಥರ ತಿಳಿಯುತ್ತಾರೆ. ಎರಡೂ ದಿನದ ಹೆಸರು ಹೇಳಿಬಿಡಿ. ಸರ್ಕ್ಯುಲರ್‌ನಲ್ಲಿ 18:00 ಎಂದಿದ್ದರೆ ಕನ್ನಡದಲ್ಲಿ ಸಂಜೆ 6 ಎಂದೇ ಬರೆಯಿರಿ. ಮೂರನೆಯದು, ಲಿಫ್ಟ್ 1 ಯಾವುದು ಎಂದು ಕಂಪನಿಗೆ ಗೊತ್ತು, ಮನೆಯವರಿಗೆ ಗೊತ್ತಿಲ್ಲ. ಗೇಟ್ ಕಡೆಯದು, ಮೆಟ್ಟಿಲ ಪಕ್ಕದ್ದು ಎಂದು ಗುರುತು ಹೇಳಿ.

ಆ ಕಟ್ಟಡಕ್ಕೆ ಹೀಗೆ ಬರೆದಿದ್ದರೆ ಸಾಕಿತ್ತು:

> ಬಿ ಬ್ಲಾಕ್ ಲಿಫ್ಟ್ ರಿಪೇರಿ: ಆಗಸ್ಟ್ 13 ಬುಧವಾರ, ಆಗಸ್ಟ್ 14 ಗುರುವಾರ
>
> ಬಂದ್: ಗೇಟ್ ಕಡೆಯ ಲಿಫ್ಟ್ 1. ಎರಡೂ ದಿನ ಬೆಳಿಗ್ಗೆ 10ರಿಂದ ಸಂಜೆ 6. ರೋಪ್ ಬದಲಿಸುತ್ತಾರೆ.
>
> ಓಡುತ್ತದೆ: ಮೆಟ್ಟಿಲ ಪಕ್ಕದ ಲಿಫ್ಟ್ 2.
>
> ಎರಡೂ ಲಿಫ್ಟ್ ಬಂದ್: ಗುರುವಾರ ಮಧ್ಯಾಹ್ನ 2ರಿಂದ 3.
>
> ಲಿಫ್ಟ್ 1ರ ಬಾಗಿಲು ತೆರೆದಿದ್ದರೂ ಹತ್ತಿರ ಹೋಗಬೇಡಿ. ಬಾಗಿಲ ಹಿಂದೆ ಲಿಫ್ಟ್ ಇರುವುದಿಲ್ಲ. ಮಕ್ಕಳನ್ನು ಬಿಡಬೇಡಿ.
>
> ಮೆಟ್ಟಿಲು ಹತ್ತಲಾಗದವರು, ಆಸ್ಪತ್ರೆಗೆ ಹೋಗಿಬರುವವರು ಮಂಗಳವಾರ ಸಂಜೆಯೊಳಗೆ ಆಫೀಸಿಗೆ ತಿಳಿಸಿ.

ಸರ್ಕ್ಯುಲರ್‌ನಲ್ಲಿ ‘ಲ್ಯಾಂಡಿಂಗ್ ಡೋರ್‌ಗಳಿಗೆ ಬ್ಯಾರಿಕೇಡ್ ಹಾಕಲಾಗುವುದು’ ಎಂದಷ್ಟೇ ಇತ್ತು. ಅದು ಕಂಪನಿ ಮಾಡುವ ಕೆಲಸ. ಮನೆಯವರು ಏನು ಮಾಡಬೇಕು ಎಂಬುದು ಬೇರೆ ಮಾತು. ಪ್ರತಿ ಮಹಡಿಯಲ್ಲಿ ಕಾಣುವ ಹೊರಬಾಗಿಲನ್ನು ಲ್ಯಾಂಡಿಂಗ್ ಡೋರ್ ಅನ್ನುತ್ತಾರೆ. ಅದರ ಹಿಂದೆ ಲಿಫ್ಟ್ ಇಲ್ಲದಿದ್ದರೆ ಇರುವುದು ಬರೀ ಬಾವಿ. ಆ ಎಚ್ಚರಿಕೆಯ ಸಾಲನ್ನು ನೀವೇ ಬರೆಯಬೇಕು, ಕಾಗದದಲ್ಲಿ ಅದು ಇರುವುದಿಲ್ಲ.

ಇಂಗ್ಲಿಷ್ ಭಾಗವೂ ಇಷ್ಟೇ ಸಾಲು. ‘ಪ್ರಿವೆಂಟಿವ್ ಮೇಂಟೆನೆನ್ಸ್’, ‘ಇನ್‌ಕನ್ವೀನಿಯೆನ್ಸ್ ಈಸ್ ರಿಗ್ರೆಟೆಡ್’ ಎರಡನ್ನೂ ತೆಗೆಯಿರಿ. ಆ ಜಾಗದಲ್ಲಿ ಎರಡೂ ಲಿಫ್ಟ್ ನಿಲ್ಲುವ ಹೊತ್ತನ್ನು ದಪ್ಪ ಅಕ್ಷರದಲ್ಲಿ ಹಾಕಿ. ನೋಟಿಸ್ ಅನ್ನು ಗೇಟಿನಲ್ಲಿ ಒಂದು, ಪ್ರತಿ ಮಹಡಿಯ ಲಿಫ್ಟ್ ಬಾಗಿಲ ಪಕ್ಕ ಒಂದೊಂದು ಅಂಟಿಸಿ. ಕೆಲಸ ಮುಗಿದ ಸಂಜೆಯೇ ಕೀಳಿಸಿ. ಹಳೇ ನೋಟಿಸ್ ಗೋಡೆ ಮೇಲೇ ಇದ್ದರೆ ಮುಂದಿನ ಸಲ ಹೊಸದನ್ನು ಯಾರೂ ನೋಡುವುದಿಲ್ಲ.

ಪ್ರಶ್ನೆ: ಲಿಫ್ಟ್‌ಗೆ ಅಚ್ಚ ಕನ್ನಡ ಪದ ಹೇಳಿ.

ಲಿಫ್ಟ್.

ಪ್ರಶ್ನೆ: ನಮ್ಮಲ್ಲಿ ಎಲ್ಲರಿಗೂ ಇಂಗ್ಲಿಷ್ ಬರುತ್ತೆ. ಕನ್ನಡ ಯಾಕೆ?

ವಾಚ್‌ಮನ್, ಮನೆಗೆಲಸದವರು, ನೀರಿನ ಕ್ಯಾನ್ ಹೊರುವವರು, ಊರಿಂದ ಬಂದ ನಿಮ್ಮ ಅಪ್ಪ ಅಮ್ಮ ಆ ‘ಎಲ್ಲರಲ್ಲಿ’ ಸೇರಿದ್ದಾರಾ ಎಂದು ಒಮ್ಮೆ ಎಣಿಸಿ ನೋಡಿ.

ಪ್ರಶ್ನೆ: ಕನ್ನಡ ಭಾಗದಲ್ಲಿ ಕನ್ನಡ ಅಂಕಿ ಹಾಕಬೇಕಾ?

ಲಿಫ್ಟ್ ಬಟನ್ ಮೇಲೆ ಯಾವ ಅಂಕಿ ಇದೆಯೋ ಅದನ್ನೇ ಎರಡೂ ಕಡೆ ಹಾಕಿ.

ಪ್ರಶ್ನೆ: ನುಡಿಯಲ್ಲಿ ಟೈಪ್ ಮಾಡಿದ ನೋಟಿಸ್ ವಾಟ್ಸಾಪ್‌ಗೆ ಹಾಕಿದರೆ ಏನೇನೋ ಇಂಗ್ಲಿಷ್ ಅಕ್ಷರ ಬರುತ್ತದೆ. ಫೋನ್ ಕೆಟ್ಟಿದೆಯಾ?

ಫೋನ್ ಸರಿಯಾಗಿದೆ. ನುಡಿಯ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರದ ಸಂಕೇತಗಳ ಮೇಲೆ ಕನ್ನಡದ ಆಕಾರ ಕೂರಿಸುತ್ತವೆ. ಆ ಫಾಂಟ್ ಇಲ್ಲದ ಕಡೆ ಒಳಗಿನ ಇಂಗ್ಲಿಷ್ ಅಕ್ಷರವೇ ಕಾಣುತ್ತದೆ. ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯದನ್ನು ಪರಿವರ್ತಕದಲ್ಲಿ ಬದಲಿಸಿದರೆ ‘ಕಾರ್ಯದರ್ಶಿ’, ‘ಮಾರ್ಗ’ದಂಥ ಅರ್ಕಾವತ್ತು ಇರುವ ಪದಗಳನ್ನು ಮತ್ತೆ ಓದಿ. ಕೆಡುವುದು ಹೆಚ್ಚಾಗಿ ಅಲ್ಲೇ.

ಪ್ರಶ್ನೆ: ‘ಲಿಫ್ಟ್ ಬಿದ್ದರೆ ನೆಲ ಮುಟ್ಟುವ ಮುಂಚೆ ಎಗರಬೇಕು, ಇಲ್ಲದಿದ್ದರೆ ಕಾಲು ಮುರಿಯುತ್ತದೆ’ ಎಂಬ ಫಾರ್ವರ್ಡ್ ಬಂದಿದೆ. ನೋಟಿಸ್ ಕೆಳಗೆ ಸೇರಿಸಲಾ?

ಬೇಡವೇ ಬೇಡ. ಇಂಥದ್ದನ್ನು ಅಸೋಸಿಯೇಷನ್ ಹೆಸರಿನಲ್ಲಿ ಹಂಚುವುದು ತಪ್ಪು. ಲಿಫ್ಟ್ ಒಂದೇ ರೋಪ್ ಮೇಲೆ ನೇತಾಡುವುದಿಲ್ಲ, ಹಲವು ಇರುತ್ತವೆ. ವೇಗ ಮಿತಿ ಮೀರಿದರೆ ಗವರ್ನರ್ ಎಂಬ ಸಾಧನ ಅದನ್ನು ಹಿಡಿಯುತ್ತದೆ, ಲಿಫ್ಟಿನ ಕೆಳಗಿರುವ ಸೇಫ್ಟಿ ಗೇರ್ ಪಕ್ಕದ ಹಳಿಗಳನ್ನು ಕಚ್ಚಿ ನಿಲ್ಲಿಸುತ್ತದೆ. ಜನರಿಗೆ ಪೆಟ್ಟಾಗುವುದು ಬೇರೆ ರೀತಿ. ಮಹಡಿಗಳ ನಡುವೆ ನಿಂತ ಲಿಫ್ಟಿನಿಂದ ಹೆದರಿ ಹೊರಗೆ ಜಿಗಿಯಲು ಹೋಗಿ ಕೆಳಗಿನ ಬಾವಿಗೆ ಬೀಳುತ್ತಾರೆ. ಆ ಫಾರ್ವರ್ಡ್ ಕಲಿಸುವುದು ಗಾಬರಿಯನ್ನೇ. ಅದರ ಜಾಗದಲ್ಲಿ ಲಿಫ್ಟಿನೊಳಗೆ ಬಟನ್‌ಗಳ ಮೇಲ್ಗಡೆ ಇಷ್ಟು ಅಂಟಿಸಿ: ‘ಲಿಫ್ಟ್ ನಿಂತರೆ ಬೆಲ್ ಒತ್ತಿ. ಒಳಗೆ ಗಾಳಿ ಬರುತ್ತದೆ. ಬಾಗಿಲು ಎಳೆಯಬೇಡಿ. ನಾವು ಬರುವವರೆಗೆ ಒಳಗೇ ಇರಿ.’ ಕೆಳಗೆ ವಾಚ್‌ಮನ್ ನಂಬರ್ ದೊಡ್ಡದಾಗಿ ಹಾಕಿ. ಬೆಲ್ ಒತ್ತಿದರೆ ಗೇಟಿನವರೆಗೆ ಕೇಳಿಸುತ್ತದಾ ಎಂದು ಇವತ್ತೇ ನೋಡಿ.