ಆಪ್ತಸಲಹೆ ಪ್ರಕರಣ: ಹಾಕಿದ ಹಣ ನೋಡಿದರೆ ಏನೂ ಬದಲಾಗಿಲ್ಲ, ಇರುವ ಹಣ ನೋಡಿದರೆ ಎಲ್ಲಾ ಬದಲಾಗಿದೆ

(ಗುರುತು ಸಿಗದಂತೆ ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಮೊತ್ತಗಳನ್ನು ಲೆಕ್ಕಕ್ಕೆ ಸುಲಭವಾಗಲಿ ಎಂದು ದುಂಡಾಗಿಸಿದ್ದೇನೆ.)

ವಿಜಯಪುರದ ಹತ್ತಿರದ ಒಂದು ಹಳ್ಳಿಯಿಂದ ಗಂಡ ಹೆಂಡತಿ ಬಂದಿದ್ದರು. ದ್ರಾಕ್ಷಿ ತೋಟದವರು. ಒಣದ್ರಾಕ್ಷಿ ಮಾರಿ ಬಂದ ದುಡ್ಡು ಬ್ಯಾಂಕಿನಲ್ಲಿತ್ತು. ಅದನ್ನು ಎಲ್ಲಿ ಹಾಕಬೇಕು ಅನ್ನುವುದಕ್ಕೆ ಮನೆಯಲ್ಲಿ ಎರಡು ವಾರದಿಂದ ಮಾತು ಬೆಳೆದಿತ್ತು. ಗಂಡನಿಗೆ ಚಿನ್ನ ಬೇಕು, ಯಾಕೆಂದರೆ ದರ ಏರುತ್ತಿದೆ. ಅವರ ಹೆಂಡತಿಗೆ ಮಗಳ ಫೀಸಿನ ಚಿಂತೆ. ಮಗಳು ಈಗ ಮೊದಲ ಪಿಯುಸಿ, ಮುಂದೆ ಎಂಜಿನಿಯರಿಂಗ್ ಓದುವ ಆಸೆ.

ಐದು ವರ್ಷದ ಹಿಂದೆ ಇಬ್ಬರೂ ಕೂತು ಒಂದು ಹಂಚಿಕೆ ಮಾಡಿಕೊಂಡಿದ್ದರು. ಷೇರಿನಲ್ಲಿ ಹಣ ಹಾಕುವ ಇಕ್ವಿಟಿ ಫಂಡಿನಲ್ಲಿ 50%, ಎಫ್‌ಡಿ ಮತ್ತು ಪಿಪಿಎಫ್ ಸೇರಿದ, ಬಡ್ಡಿ ಬರುವ ಡೆಟ್‌ನಲ್ಲಿ 35%, ಚಿನ್ನದಲ್ಲಿ 15%. ಆಲಿಕಲ್ಲು ಬಿದ್ದ ವರ್ಷ ತೋಟವೇ ಕೈಕೊಡುತ್ತದೆ, ಅದಕ್ಕೇ ಡೆಟ್ ಅಷ್ಟು ಇಟ್ಟದ್ದು ಅಂದರು. ನನಗೂ ಆ ಹಂಚಿಕೆ ಸರಿ ಅನ್ನಿಸಿತು.

"ಅದೇನೂ ಬದಲಾಗಿಲ್ಲ ನೋಡ್ರಿ ಮೇಡಂ" ಎಂದು ಅವರು ಒಂದು ವಹಿ ತೆಗೆದು ಮುಂದಿಟ್ಟರು. ನೀಲಿ ಪೆನ್ನಿನಲ್ಲಿ ನೀಟಾಗಿ ಬರೆದ ಪುಟ. ಇಕ್ವಿಟಿ 12 ಲಕ್ಷ, ಡೆಟ್ 8.4 ಲಕ್ಷ, ಚಿನ್ನ 3.6 ಲಕ್ಷ. ಒಟ್ಟು 24 ಲಕ್ಷ. ಭಾಗಿಸಿ ನೋಡಿದರೆ 50, 35, 15. ಒಂದು ಪೈಸೆ ಅತ್ತಿತ್ತ ಇಲ್ಲ.

ಅದು ಅವರು ಹಾಕಿದ ಹಣ. ಇವತ್ತು ಇರುವ ಹಣ ಅಲ್ಲ.

ಈ ತಪ್ಪನ್ನು ನಾನು ತುಂಬಾ ನೋಡುತ್ತೇನೆ. ಹಾಕಿದ ಹಣದ ಪಾಲು ನಾವು ಮತ್ತೆ ಕೈ ಹಾಕುವವರೆಗೂ ಬದಲಾಗುವುದೇ ಇಲ್ಲ. ಡ್ರಿಫ್ಟ್, ಅಂದರೆ ಪಾಲು ಸರಿಯುವುದು, ಆ ಪುಟದಲ್ಲಿ ಯಾವತ್ತೂ ಕಾಣುವುದಿಲ್ಲ. ಅದು ಕಾಣಬೇಕಾದರೆ ಮೂರನ್ನೂ ಇವತ್ತಿನ ಬೆಲೆಗೆ ತರಬೇಕು. ಮೂರಕ್ಕೂ ಒಂದೇ ದಿನದ ಬೆಲೆ ಇರಬೇಕು. ಅವರು ತಂದಿದ್ದ ಫಂಡಿನ ಸ್ಟೇಟ್‌ಮೆಂಟ್ ಜನವರಿಯದು, ಚಿನ್ನದ ದರ ಮಾತ್ರ ಹಿಂದಿನ ದಿನದ್ದು. ಹಾಗಾಗಿ ಅಲ್ಲೇ ಫೋನಿನಲ್ಲಿ ಎಲ್ಲವನ್ನೂ ಹಿಂದಿನ ದಿನದ ಬೆಲೆಗೆ ತಂದೆವು.

ಇಕ್ವಿಟಿ 23.4 ಲಕ್ಷ ಆಗಿತ್ತು. ಚಿನ್ನದಲ್ಲಿ ಇಟಿಎಫ್, ಅಂದರೆ ಷೇರಿನಂತೆ ಕೊಂಡು ಮಾರುವ ಚಿನ್ನದ ಯೂನಿಟ್, 6 ಲಕ್ಷ, ನಾಣ್ಯ 3 ಲಕ್ಷ, ಸೇರಿ 9 ಲಕ್ಷ. ಡೆಟ್ ಮಾತ್ರ 9.6 ಲಕ್ಷದಲ್ಲೇ ನಿಂತಿತ್ತು: ಎಫ್‌ಡಿ 6 ಲಕ್ಷ, ಪಿಪಿಎಫ್ 3.6 ಲಕ್ಷ. ಐದು ವರ್ಷಕ್ಕೆ ಇಷ್ಟು ಕಡಿಮೆ ಹೇಗೆ ಅಂತ ಕೇಳಿದೆ. ಎಫ್‌ಡಿ ಬಡ್ಡಿ ಮೂರು ತಿಂಗಳಿಗೊಮ್ಮೆ ಖಾತೆಗೆ ಬರುತ್ತಿತ್ತು, ಮನೆ ಖರ್ಚಿಗೆ ಹೋಗುತ್ತಿತ್ತು. ಎರಡು ಕಡೆ ಹಣ ಬೆಳೆಯುತ್ತಿತ್ತು, ಮೂರನೇ ಕಡೆ ಬೆಳೆದದ್ದರಲ್ಲಿ ಹೆಚ್ಚಿನದು ಸೋರಿ ಹೋಗುತ್ತಿತ್ತು. ಪಾಲು ಸರಿಯಲು ಷೇರುಪೇಟೆ, ಚಿನ್ನದ ಪೇಟೆಯ ಜೊತೆ ಇದೂ ಒಂದು ಕಾರಣ.

ಒಟ್ಟು 42 ಲಕ್ಷ. ಇಕ್ವಿಟಿ 55.7%, ಡೆಟ್ 22.9%, ಚಿನ್ನ 21.4%.

ಅಷ್ಟರಲ್ಲಿ ಅವರು ಇನ್ನೊಂದು ಸಾಲು ಸೇರಿಸಲು ಹೊರಟರು. ಮನೆಯಲ್ಲಿ 180 ಗ್ರಾಂ ಒಡವೆ ಇದೆ, ಅದೂ ಚಿನ್ನವೇ ಅಲ್ವಾ ಅಂದರು. ಒಡವೆಯ ಚಿನ್ನ ಅಪ್ಪಟವಲ್ಲ ಎಂದು ಗ್ರಾಂಗೆ 11,000 ಹಿಡಿದರೂ 19.8 ಲಕ್ಷ. ಸೇರಿಸಿ ತೋರಿಸಿದೆ. ಒಟ್ಟು 61.8 ಲಕ್ಷ ಆಯಿತು, ಚಿನ್ನದ ಪಾಲು 46.6%ಕ್ಕೆ ಹೋಯಿತು. ಅದನ್ನು 15%ಕ್ಕೆ ತರಬೇಕಾದರೆ 19.5 ಲಕ್ಷದ ಚಿನ್ನ ಮಾರಬೇಕು.

"ಅಂದ್ರ ನನ್ನ ಕೊರಳಾಗಿಂದು ಮಾರಂತೀರೇನ್ರಿ?" ಎಂದು ಆ ತಾಯಿ ಕೇಳಿದರು.

ಬೇಡ. ಅದಕ್ಕೇ ಅದು ಈ ಲೆಕ್ಕದಲ್ಲಿ ಬರಬಾರದು. ನಾನು ಇಟ್ಟುಕೊಂಡಿರುವ ಅಳತೆ ಒಂದೇ: ಪಾಲು ಸರಿಪಡಿಸಲು ಬೇಕಾದಾಗ ನಿಜವಾಗಿ ಮಾರುತ್ತೀರಾ? ಹೌದು ಅಂದರೆ ಒಳಗೆ, ಇಲ್ಲ ಅಂದರೆ ಹೊರಗೆ. ತಾಳಿ, ಬಳೆ, ಮಗಳ ಮದುವೆಗೆ ಅಂತ ತೆಗೆದಿಟ್ಟದ್ದು ಎಲ್ಲ ಹೊರಗೆ. ನಾಣ್ಯ ಮತ್ತು ಇಟಿಎಫ್ ಒಳಗೆ.

ಇನ್ನು, ಸರಿದದ್ದು ಜಾಸ್ತಿಯಾ ಕಡಿಮೆಯಾ? ಇಕ್ವಿಟಿ ಗುರಿಗಿಂತ 5.7 ಶೇಕಡಾ ಅಂಶ ಮೇಲಿದೆ, ಚಿನ್ನ 6.4 ಅಂಶ. ಎರಡೂ ಒಂದೇ ಥರ ಕಾಣುತ್ತವೆ. ಆದರೆ 50ರ ಮೇಲೆ 5.7 ಅಂದರೆ ತನ್ನ ಗುರಿಯ 11% ಹೆಚ್ಚು. 15ರ ಮೇಲೆ 6.4 ಅಂದರೆ 43% ಹೆಚ್ಚು. ಚಿಕ್ಕ ಪಾಲು ಅಷ್ಟೇ ಅಂಶ ಸರಿದರೂ ಅದು ದೊಡ್ಡ ಏರುಪೇರು. ಅದಕ್ಕೆ ನಾನು ದೊಡ್ಡ ಪಾಲಿಗೆ ಆಚೀಚೆ 5 ಅಂಶ ಬಿಡುತ್ತೇನೆ, ಚಿಕ್ಕ ಪಾಲಿಗೆ ಅದರ ಗುರಿಯ ಕಾಲು ಭಾಗ. ಚಿನ್ನಕ್ಕೆ ಆಗ 3.75 ಅಂಶ, ಅಂದರೆ 18.75% ದಾಟಬಾರದು. ಇದು ಕಾನೂನಲ್ಲ, ರೂಢಿ. ಡೆಟ್ ಅಂತೂ 12 ಅಂಶ ಕೆಳಗೆ ಬಿದ್ದಿತ್ತು, ಅದರ ಬಗ್ಗೆ ಎರಡು ಮಾತೇ ಇಲ್ಲ.

ಈಗ ಎಷ್ಟು ತೆಗೆಯಬೇಕು, ಎಷ್ಟು ಹಾಕಬೇಕು ಅನ್ನುವುದು. ಅವರ ಹೆಂಡತಿಗೆ ಫೋನಿನಲ್ಲಿ ಒಂದು ಶೀಟ್ ಮಾಡಿಕೊಟ್ಟೆ. B2ರಿಂದ B4ರವರೆಗೆ ಗುರಿ, C2ರಿಂದ C4ರವರೆಗೆ ಇವತ್ತಿನ ಬೆಲೆ, C5ರಲ್ಲಿ ಒಟ್ಟು, E1ರಲ್ಲಿ ಹೊಸದಾಗಿ ಬರುವ ಹಣ.

```
=($C$5+$E$1)*B2-C2
```

ಉತ್ತರ ಪ್ಲಸ್ ಬಂದರೆ ಅಷ್ಟು ಹಾಕಬೇಕು, ಮೈನಸ್ ಬಂದರೆ ಅಷ್ಟು ತೆಗೆಯಬೇಕು. ಮೂರೂ ಉತ್ತರ ಕೂಡಿಸಿದರೆ E1ನಷ್ಟೇ ಬರಬೇಕು. ಬರದಿದ್ದರೆ ಎಲ್ಲೋ ತಪ್ಪಿದೆ ಎಂದು ತಿಳಿಯಿರಿ.

E1ರಲ್ಲಿ ಸೊನ್ನೆ ಇಟ್ಟಾಗ ಇಕ್ವಿಟಿಯಿಂದ 2.4 ಲಕ್ಷ, ಚಿನ್ನದಿಂದ 2.7 ಲಕ್ಷ ತೆಗೆದು ಡೆಟ್‌ಗೆ 5.1 ಲಕ್ಷ ಹಾಕಬೇಕು ಎಂದು ಬಂತು. "ಒಣದ್ರಾಕ್ಷಿದು 8 ಲಕ್ಷ ಐತ್ರಿ, ಅದನ್ನ ಹಾಕ್ರಿ" ಎಂದರು ಅವರು. ಹಾಕಿದೆವು. ಆಗ ಶೀಟ್ ಇನ್ನೇನೋ ಹೇಳಿತು: ಇಕ್ವಿಟಿಗೆ ಇನ್ನೂ 1.6 ಲಕ್ಷ ಹಾಕಿ!

ಆ 8 ಲಕ್ಷದಲ್ಲಿ ಏಪ್ರಿಲ್ ಚಾಟನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸದ ಕೂಲಿ ಎಷ್ಟು, ಗೊಬ್ಬರ, ಔಷಧಿ ಎಷ್ಟು, ಬೆಳೆಸಾಲಕ್ಕೆ ಎಷ್ಟು ಎಂದು ಒಂದೊಂದಾಗಿ ಕೇಳಿದೆ. 5 ಲಕ್ಷ ಅಲ್ಲೇ ಹೋಯಿತು. ನಿಜವಾಗಿ ಉಳಿಯುವುದು 3 ಲಕ್ಷ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ E1 ತಪ್ಪಿದರೆ ಮೊತ್ತ ಮಾತ್ರ ತಪ್ಪುವುದಿಲ್ಲ, ದಿಕ್ಕೇ ತಪ್ಪುತ್ತದೆ. ಮಾರಬೇಕಾದ ಕಡೆ ಕೊಳ್ಳು ಅನ್ನುತ್ತದೆ. ವರ್ಷಕ್ಕೊಮ್ಮೆ ಒಟ್ಟಿಗೆ ದುಡ್ಡು ಕಾಣುವ ತೋಟದವರಿಗೆ ಈ ಅಪಾಯ ಸಂಬಳದವರಿಗಿಂತ ಜಾಸ್ತಿ.

3 ಲಕ್ಷ ಇಟ್ಟಾಗ ಒಟ್ಟು 45 ಲಕ್ಷ. ಇಕ್ವಿಟಿಯಿಂದ 90,000, ಚಿನ್ನದಿಂದ 2.25 ಲಕ್ಷ ತೆಗೆಯಬೇಕು. ಡೆಟ್‌ಗೆ 6.15 ಲಕ್ಷ ಹಾಕಬೇಕು.

ಏನೂ ಮಾರದೆ ಹೊಸ ಹಣದಿಂದಲೇ ಸರಿ ಮಾಡಬಹುದಾ ಎಂದು ಅವರು ಕೇಳಿದರು. ಒಳ್ಳೆಯ ಪ್ರಶ್ನೆ. ಹೆಚ್ಚಾಗಿರುವ ಪ್ರತಿಯೊಂದನ್ನೂ ಅದರ ಗುರಿಯಿಂದ ಭಾಗಿಸಬೇಕು. ಇಕ್ವಿಟಿ 23.4 ಭಾಗ 0.50 ಅಂದರೆ 46.8 ಲಕ್ಷ. ಚಿನ್ನ 9 ಭಾಗ 0.15 ಅಂದರೆ 60 ಲಕ್ಷ. ದೊಡ್ಡದು 60. ಒಟ್ಟು 60 ಲಕ್ಷ ಆಗುವವರೆಗೆ ಹೊಸ ಹಣ ಹಾಕಬೇಕು, ಅಂದರೆ 18 ಲಕ್ಷ. ಇಕ್ವಿಟಿ ಒಂದೇ ಆಗಿದ್ದರೆ 4.8 ಲಕ್ಷ ಸಾಕಿತ್ತು. ಅಡ್ಡ ನಿಂತದ್ದು ಚಿನ್ನ. ಅವರು ಇನ್ನೂ ಕೊಳ್ಳಬೇಕು ಅಂತಿದ್ದದ್ದೂ ಅದನ್ನೇ.

ನಾನು ಕೊಟ್ಟ ಸಲಹೆ ಶೀಟಿನ ಉತ್ತರಕ್ಕಿಂತ ಸ್ವಲ್ಪ ಬೇರೆ. 3 ಲಕ್ಷ ಪೂರ್ತಿ ಡೆಟ್‌ಗೆ ಹಾಕಿದ ಕೂಡಲೇ ಇಕ್ವಿಟಿ 52%ಕ್ಕೆ ಇಳಿಯುತ್ತದೆ. ನಾವು ಬಿಟ್ಟ 5 ಅಂಶದ ಒಳಗೇ ಇದೆ. ಹಾಗಾಗಿ ಅದನ್ನು ಮುಟ್ಟಬೇಡಿ ಎಂದೆ. ಚಿನ್ನ ಆಗಲೂ 20% ಇರುತ್ತದೆ, ಅದನ್ನು ಮಾತ್ರ 2.25 ಲಕ್ಷ ಮಾರಿ ಡೆಟ್‌ಗೆ ಹಾಕಿ. ಆಗ ಇಕ್ವಿಟಿ 52, ಡೆಟ್ 33, ಚಿನ್ನ 15. ಒಂದೇ ಮಾರಾಟಕ್ಕೆ ಕೆಲಸ ಮುಗಿಯಿತು.

ನಾಣ್ಯ ಮಾರುವುದು ಬೇಡ, ಇಟಿಎಫ್ ಮಾರಿ ಎಂದೆ. ಅಂಗಡಿಯಲ್ಲಿ ನಾಣ್ಯ ಕೊಟ್ಟರೆ ಕಡಿತ ಇರುತ್ತದೆ. ಇಟಿಎಫ್‌ನಲ್ಲಿ ಬೇಕಾದಷ್ಟೇ ಯೂನಿಟ್ ಮಾರಬಹುದು. ಆದರೆ ಮಾರುಕಟ್ಟೆ ದರಕ್ಕೆ ಸುಮ್ನೆ ಬಿಡಬಾರದು. ಫಂಡಿನ ವೆಬ್‌ಸೈಟಿನಲ್ಲಿ iNAV, ಅಂದರೆ ಆ ಹೊತ್ತಿಗೆ ಒಂದು ಯೂನಿಟ್ಟಿನ ಹಿಂದಿರುವ ಚಿನ್ನದ ಬೆಲೆ ನೋಡಿ, ಅದರ ಹತ್ತಿರದ ಬೆಲೆಗೆ ಲಿಮಿಟ್ ಆರ್ಡರ್, ಅಂದರೆ ಇದಕ್ಕಿಂತ ಕಡಿಮೆಗೆ ಮಾರಬೇಡ ಎನ್ನುವ ಆರ್ಡರ್ ಹಾಕಬೇಕು. ಕೊಳ್ಳುವವರು ಕಡಿಮೆ ಇರುವ ಹೊತ್ತಿನಲ್ಲಿ ಮಾರುಕಟ್ಟೆ ದರಕ್ಕೂ iNAVಗೂ ನಡುವೆ ಅಂತರ ಬೀಳುತ್ತದೆ.

ತೆರಿಗೆಯನ್ನೂ ಮೊದಲೇ ಲೆಕ್ಕ ಹಾಕಿದೆವು. ಗ್ರಾಂಗೆ ಸುಮಾರು 4,800 ಇದ್ದಾಗ ಕೊಂಡದ್ದು, ಅವತ್ತಿಗೆ 12,000 ಹಿಡಿದಿದ್ದೆವು. ಹಾಗಾದರೆ 2.25 ಲಕ್ಷದಲ್ಲಿ ಲಾಭವೇ ಸುಮಾರು 1.35 ಲಕ್ಷ. ದೀರ್ಘಾವಧಿ ಲಾಭಕ್ಕೆ 12.5%, ಮೇಲೆ ಸೆಸ್, ಸೇರಿ 17,550 ರೂಪಾಯಿ. ಇಕ್ವಿಟಿ ಫಂಡಿಗೆ ಸಿಗುವ 1.25 ಲಕ್ಷದ ವಿನಾಯಿತಿ ಚಿನ್ನಕ್ಕೆ ಇಲ್ಲ, ಇದನ್ನು ಹಲವರು ಮರೆಯುತ್ತಾರೆ. ಇಟಿಎಫ್ ಹೆಂಡತಿಯ ಹೆಸರಿನಲ್ಲಿತ್ತು. ಮನೆಯ ಆದಾಯ ಹೆಚ್ಚಾಗಿ ಕೃಷಿಯದು, ತೆರಿಗೆ ಇನ್ನೂ ಕಡಿಮೆ ಆಗಬಹುದು, ಮಾರುವ ಮೊದಲು ಆಡಿಟರ್ ಹತ್ತಿರ ಹೋಗಿ ಬನ್ನಿ ಎಂದು ಕಳಿಸಿದೆ.

ಉಳಿದದ್ದು ಆ 5.25 ಲಕ್ಷ ಎಲ್ಲಿಡಬೇಕು ಅನ್ನುವುದು. ಊರಿನ ಪತ್ತಿನ ಸಂಘದಲ್ಲಿ ಬಡ್ಡಿ ಜಾಸ್ತಿ, ಅಲ್ಲೇ ಇಡುತ್ತೇವೆ ಎಂದರು. ನಾನು ಒಪ್ಪಲಿಲ್ಲ. ಬ್ಯಾಂಕಿನ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆ ಇದೆ, ಸಹಕಾರಿ ಬ್ಯಾಂಕಿಗೂ ಇದೆ. ಪತ್ತಿನ ಸಂಘಕ್ಕೆ ಆ ವಿಮೆ ಇಲ್ಲ. ಇದು ಮಗಳ ಫೀಸಿನ ಹಣ. ಶೀಟಿನಲ್ಲಿ ಡೆಟ್ ಎಂದು ಬರೆದ ಮಾತ್ರಕ್ಕೆ ಯಾವುದೂ ಗಟ್ಟಿಯಾಗುವುದಿಲ್ಲ. ಬೇರೆ ಬ್ಯಾಂಕಿನಲ್ಲಿ, ಇಬ್ಬರ ಹೆಸರಿಗೆ ಬೇರೆ ಬೇರೆ ಎಫ್‌ಡಿ ಮಾಡಿ, ಫೀಸು ಕಟ್ಟುವ ತಿಂಗಳಿಗೆ ಮುಗಿಯುವಂತೆ ಇಡಿ ಎಂದೆ. ಹಳೆಯ ಎಫ್‌ಡಿ ನವೀಕರಿಸುವಾಗ ಬಡ್ಡಿಯನ್ನು ಅಸಲಿಗೇ ಸೇರಿಸುವ ಥರ ಬದಲಿಸಿಕೊಳ್ಳಿ ಎಂದೂ ಹೇಳಿದೆ. ಸೋರುವ ಜಾಗ ಮುಚ್ಚದಿದ್ದರೆ ಮುಂದಿನ ವರ್ಷ ಮತ್ತೆ ಇದೇ ಲೆಕ್ಕ.

ವರ್ಷಕ್ಕೆ ಎರಡೇ ಸಲ ನೋಡಿ ಎಂದಿದ್ದೆ, ಏಪ್ರಿಲ್ ಚಾಟನಿಗೊಮ್ಮೆ, ಅಕ್ಟೋಬರ್ ಚಾಟನಿಗೊಮ್ಮೆ. ಅಕ್ಟೋಬರಿನಲ್ಲಿ ಆ ತಾಯಿ ಶೀಟಿನ ಚಿತ್ರ ಕಳಿಸಿದರು. ಇಕ್ವಿಟಿ 21.6 ಲಕ್ಷಕ್ಕೆ ಇಳಿದಿತ್ತು, ಡೆಟ್ 15.2, ಚಿನ್ನ 7.2. ಪಾಲು 49.1, 34.5, 16.4. ಕೆಳಗೆ ಬರೆದಿದ್ದರು: "ಎಲ್ಲಾ ಗೆರಿ ಒಳಗ ಅದಾವ್ರಿ. ಏನೂ ಮಾಡೂದ ಬ್ಯಾಡ ಹೌದಲ್ರಿ?"

ಹೌದು, ಏಪ್ರಿಲ್‌ನಲ್ಲಿ ನೋಡೋಣ ಎಂದು ಉತ್ತರ ಬರೆದೆ.